ಬ್ರೆಡ್ ಕಣಕದಲ್ಲಿ ಗ್ಲುಟೆನ್ ಬೆಳೆಸುವುದು: ನೀರಿನ ಲೆಕ್ಕದಿಂದ ಪೊರೆಯ ಪರೀಕ್ಷೆಯವರೆಗೆ

ಬೇಕರಿ ಥಿಯರಿ ಪತ್ರಿಕೆಯಲ್ಲಿ ‘ಗ್ಲುಟೆನ್ ಬೆಳವಣಿಗೆಯನ್ನು ವಿವರಿಸಿ’ ಎಂಬ ಪ್ರಶ್ನೆ ಬಂದರೆ ಹೆಚ್ಚಿನವರ ಉತ್ತರ ಹೀಗೆ ಶುರುವಾಗುತ್ತದೆ: ‘ಹಿಟ್ಟನ್ನು ನಾದಿದಾಗ ಗ್ಲುಟೆನ್ ಉಂಟಾಗುತ್ತದೆ.’ ಉತ್ತರದ ಮೊದಲ ಸಾಲೇ ಇಲ್ಲಿ ಅರ್ಧ ತಪ್ಪು. ಗ್ಲುಟೆನ್ ಉಂಟಾಗುವುದಕ್ಕೆ ನಾದಲೇಬೇಕೆಂದಿಲ್ಲ, ನೀರು ಮತ್ತು ಸಮಯ ಸಾಕು. ನಾದುವುದರ ಕೆಲಸ ಬೇರೆ: ಅಡ್ಡಾದಿಡ್ಡಿಯಾಗಿ ಹುಟ್ಟಿದ ಎಳೆಗಳನ್ನು ಗಾಳಿ ಹಿಡಿದಿಡಬಲ್ಲ ಜಾಲವಾಗಿ ಜೋಡಿಸುವುದು. ಈ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ನೋಡಲು ಕಲಿತರೆ ಹೈಡ್ರೇಶನ್, ಉಪ್ಪು, ವಿಶ್ರಾಂತಿ, ಅತಿಯಾಗಿ ನಾದುವುದು ಇವೆಲ್ಲ ಒಂದಕ್ಕೊಂದು ಕೊಂಡಿಯಾಗಿ ಅರ್ಥವಾಗುತ್ತವೆ. ಹಾಗಾಗಿ ಇಲ್ಲಿ 500 ಗ್ರಾಂ ಹಿಟ್ಟಿನ ಒಂದೇ ಒಂದು ಕಣಕವನ್ನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸೋಣ.

ಮೊದಲು ಗ್ಲುಟೆನ್ ಅನ್ನು ಕೈಯಲ್ಲಿ ಹಿಡಿದು ನೋಡಿ

ಚೀಲದಲ್ಲಿರುವ ಒಣ ಗೋಧಿ ಹಿಟ್ಟಿನಲ್ಲಿ ಗ್ಲುಟೆನ್ ಇರುವುದಿಲ್ಲ. ಅಲ್ಲಿರುವುದು ಗ್ಲಯಾಡಿನ್ ಮತ್ತು ಗ್ಲುಟೆನಿನ್ ಎಂಬ ಎರಡು ಬಗೆಯ ಪ್ರೋಟೀನ್. ಹಿಟ್ಟಿನ ಒಟ್ಟು ಪ್ರೋಟೀನಿನಲ್ಲಿ ಇವೆರಡರ ಪಾಲೇ ಸುಮಾರು ಶೇ. 80ರಷ್ಟು. ನೀರು ತಾಗಿದ ಮೇಲೆ ಇವು ನೀರು ಹೀರಿ, ಉಬ್ಬಿ, ಒಂದಕ್ಕೊಂದು ಅಂಟಿಕೊಂಡು ಗ್ಲುಟೆನ್ ಆಗುತ್ತವೆ.

ಇದನ್ನು ಓದುವುದಕ್ಕಿಂತ ಒಮ್ಮೆ ತೊಳೆದು ನೋಡುವುದು ಒಳ್ಳೆಯದು. ಇಟಲಿಯ ಬೊಲೊನ್ಯಾದಲ್ಲಿ ಬೆಕಾರಿ ಎಂಬ ವಿಜ್ಞಾನಿ 1728ರಲ್ಲಿ ಗೋಧಿ ಹಿಟ್ಟಿನಿಂದ ಗ್ಲುಟೆನ್ ಬೇರ್ಪಡಿಸಿದ್ದು ಇದೇ ರೀತಿಯಲ್ಲಿ. ಇಂದಿಗೂ ವಿಧಾನ ಬದಲಾಗಿಲ್ಲ. 50 ಗ್ರಾಂ ಹಿಟ್ಟಿಗೆ 30 ಗ್ರಾಂ ನೀರು ಹಾಕಿ ಉಂಡೆ ಮಾಡಿ, 20 ನಿಮಿಷ ನೀರಿನಲ್ಲಿ ಮುಳುಗಿಸಿಡಿ. ಆಮೇಲೆ ಬಟ್ಟಲಿನ ನೀರಿನಲ್ಲೇ ಉಂಡೆಯನ್ನು ಮೆಲ್ಲಗೆ ಹಿಸುಕುತ್ತಾ ತೊಳೆಯಿರಿ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಅದು ಪಿಷ್ಟ. ನೀರು ಬದಲಿಸುತ್ತಾ ಹೋದಂತೆ ಅದು ತಿಳಿಯಾಗುತ್ತದೆ, ಕೈಯಲ್ಲಿ ಮಾತ್ರ ಬೂದು ಛಾಯೆಯ, ರಬ್ಬರಿನಂಥ ಒಂದು ಮುದ್ದೆ ಉಳಿಯುತ್ತದೆ. ಅದೇ ಹಸಿ ಗ್ಲುಟೆನ್.

ಅದನ್ನು ಚೆನ್ನಾಗಿ ಹಿಂಡಿ ತೂಗಿ. 17 ಗ್ರಾಂ ಬಂತು ಎನ್ನೋಣ. ಹಿಟ್ಟು 50 ಗ್ರಾಂ ಇದ್ದುದರಿಂದ ಹಸಿ ಗ್ಲುಟೆನ್ ಶೇ. 34 ಆಯಿತು. ಇದರಲ್ಲಿ ಸುಮಾರು ಮೂರನೇ ಎರಡು ಭಾಗ ಬರೀ ನೀರು. ಒಣಗಿಸಿದರೆ ಆರು ಗ್ರಾಂಗಿಂತ ತುಸು ಕಡಿಮೆ, ಅಂದರೆ ಶೇ. 11ರ ಆಸುಪಾಸು ಉಳಿಯುತ್ತದೆ. ಹಿಟ್ಟಿನ ಪ್ರೋಟೀನ್ ಅಂಶಕ್ಕೆ ಹತ್ತಿರದ ಸಂಖ್ಯೆ ಇದು. ಗ್ಲುಟೆನ್ ತನ್ನ ಒಣ ತೂಕದ ಸುಮಾರು ಎರಡರಷ್ಟು ನೀರನ್ನು ಹಿಡಿದಿಡುತ್ತದೆ ಎಂಬುದೂ ಇದರಿಂದಲೇ ಗೊತ್ತಾಗುತ್ತದೆ. ಮುಂದೆ ನೀರಿನ ಲೆಕ್ಕ ಮಾಡುವಾಗ ಇದು ನೆನಪಿರಲಿ.

ಈಗ ಆ ಮುದ್ದೆಯನ್ನು ಎಳೆಯಿರಿ. ಎಳೆದಷ್ಟೂ ಹಿಗ್ಗುತ್ತದೆ, ಬಿಟ್ಟರೆ ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಹಿಗ್ಗುವ ಗುಣ ಎಕ್ಸ್‌ಟೆನ್ಸಿಬಿಲಿಟಿ. ಅದು ಮುಖ್ಯವಾಗಿ ಗ್ಲಯಾಡಿನ್‌ನದು. ಹಿಂದಕ್ಕೆ ಸೆಳೆಯುವ ಗುಣ ಎಲಾಸ್ಟಿಸಿಟಿ. ಅದು ಉದ್ದುದ್ದ ಸರಪಳಿಗಳಾಗಿರುವ ಗ್ಲುಟೆನಿನ್‌ನದು. ಬ್ರೆಡ್ಡಿಗೆ ಎರಡೂ ಬೇಕು. ಹಿಗ್ಗದಿದ್ದರೆ ಯೀಸ್ಟ್ ಬಿಡುವ ಅನಿಲಕ್ಕೆ ಜಾಗವಿಲ್ಲ, ಬರೀ ಹಿಗ್ಗಿದರೆ ಅನಿಲ ನಿಲ್ಲುವುದಿಲ್ಲ. ಪರೀಕ್ಷೆಯಲ್ಲಿ ಈ ಎರಡು ಹೆಸರುಗಳನ್ನು ಅದಲುಬದಲು ಮಾಡಿ ಅಂಕ ಕಳೆದುಕೊಳ್ಳುವವರೇ ಹೆಚ್ಚು. ಒಮ್ಮೆ ಕೈಯಾರೆ ಎಳೆದು ನೋಡಿದವರು ಮಾತ್ರ ಮರೆಯುವುದಿಲ್ಲ.

ನೀರು ಎಷ್ಟು?

ಬೇಕರ್ಸ್ ಪರ್ಸೆಂಟೇಜ್‌ನಲ್ಲಿ ಹಿಟ್ಟು ಯಾವಾಗಲೂ 100. ಉಳಿದದ್ದೆಲ್ಲ ಹಿಟ್ಟಿನ ತೂಕಕ್ಕೆ ಹೋಲಿಸಿದ ಶೇಕಡಾವಾರು. ಹೈಡ್ರೇಶನ್ ಎಂದರೆ ಹಿಟ್ಟಿನ ತೂಕಕ್ಕೆ ನೀರಿನ ತೂಕ ಶೇಕಡಾ ಎಷ್ಟು ಎಂಬುದು. ನಮ್ಮ ಕಣಕ ಹೀಗಿದೆ:

ಹಿಟ್ಟು (ಪ್ರೋಟೀನ್ ಶೇ. 12) 500 ಗ್ರಾಂ, ಶೇ. 100
ನೀರು 330 ಗ್ರಾಂ, ಶೇ. 66
ಉಪ್ಪು 10 ಗ್ರಾಂ, ಶೇ. 2
ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ, ಶೇ. 1

ಶೇ. 66 ಏಕೆ? ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡಿದರೆ ಉತ್ತರ ಸಿಗುತ್ತದೆ. ಪ್ರೋಟೀನ್ ತನ್ನ ತೂಕದ ಎರಡರಷ್ಟು ಹೀರುತ್ತದೆ. ಗಟ್ಟಿಯಾಗಿ ಉಳಿದ ಪಿಷ್ಟದ ಕಣ ತನ್ನ ತೂಕದ ಅರ್ಧಕ್ಕಿಂತ ಕಡಿಮೆ ಹೀರುತ್ತದೆ. ಗಿರಣಿಯಲ್ಲಿ ಒಡೆದುಹೋದ ಪಿಷ್ಟದ ಕಣ ಅದಕ್ಕಿಂತ ಎಷ್ಟೋ ಹೆಚ್ಚು ಹೀರುತ್ತದೆ. ಹಿಟ್ಟಿನಲ್ಲಿ ಅಲ್ಪಸ್ವಲ್ಪ ಇರುವ ಪೆಂಟೋಸಾನ್ ಎಂಬ ಅಂಟು ಪದಾರ್ಥ ತನ್ನ ತೂಕದ ಹಲವು ಪಟ್ಟು ಹಿಡಿದುಕೊಳ್ಳುತ್ತದೆ. ಆದ್ದರಿಂದ ಪ್ರೋಟೀನ್ ಶೇಕಡಾವಾರು ಒಂದೇ ಇದ್ದರೂ ಎರಡು ಹಿಟ್ಟುಗಳು ಒಂದೇ ಪ್ರಮಾಣದ ನೀರು ಬೇಡುವುದಿಲ್ಲ. ತೌಡಿರುವ ಪೂರ್ಣ ಗೋಧಿ ಹಿಟ್ಟಿಗೆ ಹೆಚ್ಚು ನೀರು ಬೇಕಾಗುವುದೂ ಇದೇ ಕಾರಣಕ್ಕೆ.

ಅಚ್ಚಿನಲ್ಲಿ ಸುಡುವ ಬ್ರೆಡ್ಡಿಗೆ ಸಾಮಾನ್ಯವಾಗಿ ಶೇ. 60ರಿಂದ 66 ಸರಿ. ನೀರು ಕಡಿಮೆಯಾದರೆ ಪ್ರೋಟೀನಿಗೂ ಪಿಷ್ಟಕ್ಕೂ ಪೈಪೋಟಿ ಬಿದ್ದು ಪ್ರೋಟೀನ್ ಪೂರ್ತಿ ನೆನೆಯುವುದಿಲ್ಲ. ಕಣಕ ಬಿಗಿಯಾಗಿ, ಎಳೆದರೆ ಹರಿಯುತ್ತದೆ, ಬ್ರೆಡ್ಡಿನ ಒಳಮೈ ಒತ್ತೊತ್ತಾಗುತ್ತದೆ. ನೀರು ಶೇ. 75 ದಾಟಿದರೆ ಎಳೆಗಳ ನಡುವೆ ಅಂತರ ಹೆಚ್ಚಾಗಿ ಕಣಕ ಸಡಿಲವಾಗಿ ಹರಡುತ್ತದೆ. ಆದರೆ ಸುಲಭವಾಗಿ ಹಿಗ್ಗುವುದರಿಂದ ದೊಡ್ಡ ದೊಡ್ಡ ರಂಧ್ರಗಳ ಒಳಮೈ ಬರುತ್ತದೆ. ಅಂಥ ಕಣಕವನ್ನು ಮೇಜಿನ ಮೇಲೆ ನಾದುವುದಕ್ಕಿಂತ ಅರ್ಧರ್ಧ ಗಂಟೆಗೊಮ್ಮೆ ಎಳೆದು ಮಡಚುವುದೇ ಸರಿಯಾದ ದಾರಿ.

ನೀರಿನ ಬಿಸಿ

ನಾದಿ ಮುಗಿದಾಗ ಕಣಕ 24ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದಕ್ಕಿಂತ ಬಿಸಿಯಾದರೆ ಯೀಸ್ಟ್ ಓಡತೊಡಗುತ್ತದೆ, ಕಣಕ ಮೆತ್ತಗಾಗಿ ಅಂಟುತ್ತದೆ. ಹಿಟ್ಟಿನ ಬಿಸಿಯಾಗಲೀ ಕೋಣೆಯ ಬಿಸಿಯಾಗಲೀ ನಮ್ಮ ಕೈಯಲ್ಲಿಲ್ಲ, ನೀರಿನದು ಇದೆ. ಲೆಕ್ಕ ಇದು:

```
ನೀರಿನ ಬಿಸಿ = (ಬೇಕಾದ ಕಣಕದ ಬಿಸಿ × 3) − (ಹಿಟ್ಟಿನ ಬಿಸಿ + ಕೋಣೆಯ ಬಿಸಿ + ಘರ್ಷಣೆ)
```

ಘರ್ಷಣೆ ಎಂದರೆ ನಾದುವಾಗ ತಿಕ್ಕಾಟದಿಂದ ಸೇರುವ ಬಿಸಿ. ನಮಗೆ 26 ಡಿಗ್ರಿ ಬೇಕು, ಹಿಟ್ಟು 29, ಕೋಣೆ 30, ಕೈಯಲ್ಲಿ ನಾದುವುದರಿಂದ ಘರ್ಷಣೆಗೆ 3 ಎಂದು ಹಿಡಿಯೋಣ. 78ರಿಂದ 62 ಕಳೆದರೆ 16. ನೀರು 16 ಡಿಗ್ರಿ ಇರಬೇಕು.

ನಲ್ಲಿ ನೀರು 27 ಡಿಗ್ರಿ ಇದ್ದರೆ? ಮಂಜುಗಡ್ಡೆ ಹಾಕಬೇಕು. ಅದರ ಲೆಕ್ಕವೂ ಪ್ರಶ್ನೆಪತ್ರಿಕೆಯಲ್ಲಿ ಬರುತ್ತದೆ:

```
ಮಂಜುಗಡ್ಡೆ = ಒಟ್ಟು ನೀರು × (ನಲ್ಲಿ ನೀರಿನ ಬಿಸಿ − ಬೇಕಾದ ಬಿಸಿ) ÷ (ನಲ್ಲಿ ನೀರಿನ ಬಿಸಿ + 80)
```

330 × 11 ÷ 107 ಎಂದರೆ ಸುಮಾರು 34 ಗ್ರಾಂ. ಆ 34 ಗ್ರಾಂ ಮಂಜುಗಡ್ಡೆ 330ರ ಒಳಗೇ ಸೇರಿದ್ದು, ಉಳಿದ 296 ಗ್ರಾಂ ಮಾತ್ರ ನಲ್ಲಿ ನೀರು. ಮಂಜುಗಡ್ಡೆಯನ್ನು ಮೇಲಿನಿಂದ ಹೆಚ್ಚಿಗೆ ಹಾಕಿದರೆ ಹೈಡ್ರೇಶನ್ ಗೊತ್ತಿಲ್ಲದೆ ಏರಿಬಿಡುತ್ತದೆ. 80 ಎಲ್ಲಿಂದ ಬಂತು ಎಂದು ಕೇಳಿದರೆ, ಒಂದು ಗ್ರಾಂ ಮಂಜುಗಡ್ಡೆ ಕರಗಲು ಬೇಕಾಗುವ ಸುಮಾರು 80 ಕ್ಯಾಲೊರಿ ಶಾಖ ಅದು.

ಬೆರೆಸಿ, ಬಿಟ್ಟುಬಿಡಿ

ಇನ್ನು ಕೆಲಸಕ್ಕೆ ಇಳಿಯೋಣ. 330 ಗ್ರಾಂ ನೀರಿನಲ್ಲಿ 20 ಗ್ರಾಂ ಪಕ್ಕಕ್ಕಿಟ್ಟು, ಉಳಿದ 310 ಗ್ರಾಂ ನೀರನ್ನು ಹಿಟ್ಟಿಗೆ ಹಾಕಿ ಒಣ ಹಿಟ್ಟು ಕಾಣದಷ್ಟು ಮಾತ್ರ ಬೆರೆಸಿ. ಉಪ್ಪೂ ಬೇಡ, ಯೀಸ್ಟೂ ಬೇಡ. ಈಗ ಒಂದು ತುಂಡು ಎಳೆದು ನೋಡಿ. ಒದ್ದೆ ಮಣ್ಣಿನಂತೆ ಪಟ್ಟನೆ ತುಂಡಾಗುತ್ತದೆ. ಪಾತ್ರೆ ಮುಚ್ಚಿ 30 ನಿಮಿಷ ಬಿಡಿ. ಆಮೇಲೆ ಮತ್ತೆ ಎಳೆಯಿರಿ. ಯಾರೂ ಮುಟ್ಟದ ಅದೇ ಕಣಕ ಈಗ ಅಂಗೈಯಗಲ ಹಿಗ್ಗುತ್ತದೆ. ನೀರು ಮತ್ತು ಸಮಯ ಎರಡೇ ಸಾಕು ಎಂದು ಆರಂಭದಲ್ಲಿ ಹೇಳಿದ್ದಕ್ಕೆ ಇದೇ ಸಾಕ್ಷಿ.

ಈ ವಿಶ್ರಾಂತಿಯ ಹೆಸರು ಆಟೋಲಿಸ್. ಫ್ರಾನ್ಸಿನ ರೇಮಂಡ್ ಕಾಲ್ವೆಲ್ 1974ರಲ್ಲಿ ಇದನ್ನು ರೂಪಿಸಿದರು. ಈ ಅರ್ಧ ಗಂಟೆಯಲ್ಲಿ ಎರಡು ಕೆಲಸ ನಡೆಯುತ್ತದೆ. ಪ್ರೋಟೀನ್ ಪೂರ್ತಿ ನೆನೆದು ಎಳೆಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಜೊತೆಗೆ ಹಿಟ್ಟಿನಲ್ಲೇ ಇರುವ ಪ್ರೋಟಿಯೇಸ್ ಕಿಣ್ವಗಳು ಕೆಲವು ಎಳೆಗಳನ್ನು ಅಲ್ಲಲ್ಲಿ ಕತ್ತರಿಸಿ ಕಣಕವನ್ನು ಹೆಚ್ಚು ಹಿಗ್ಗುವಂತೆ ಮಾಡುತ್ತವೆ. ಆಮೇಲೆ ನಾದುವ ಹೊತ್ತು ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ.

ಉಪ್ಪನ್ನು ತಡವಾಗಿ ಹಾಕುವುದೇಕೆ ಎಂಬುದನ್ನು ವಿವರಿಸಿದವರಿಗೆ ಒಳ್ಳೆಯ ಅಂಕ ಸಿಗುತ್ತದೆ. ಗ್ಲುಟೆನ್ ಪ್ರೋಟೀನುಗಳ ಮೇಲೆ ವಿದ್ಯುದಾವೇಶವಿದ್ದು ಅವು ಒಂದನ್ನೊಂದು ಸ್ವಲ್ಪ ದೂರ ತಳ್ಳುತ್ತಿರುತ್ತವೆ. ಉಪ್ಪು ಆ ತಳ್ಳಾಟವನ್ನು ತಗ್ಗಿಸುತ್ತದೆ, ಎಳೆಗಳು ಹತ್ತಿರ ಸರಿದು ಬಿಗಿಯಾಗುತ್ತವೆ. ಕಣಕಕ್ಕೆ ಬಲ ಬರುವುದು ಇದರಿಂದಲೇ. ಆದರೆ ನೆನೆಯುವ ಮೊದಲೇ ಬಿಗಿಯಾದರೆ ನೀರು ಒಳಹೋಗುವುದು ನಿಧಾನವಾಗುತ್ತದೆ, ಕಿಣ್ವಗಳ ಕೆಲಸವೂ ಕುಂಟುತ್ತದೆ. ಮೊದಲು ನೆನೆಯಲಿ, ಆಮೇಲೆ ಬಿಗಿಯಲಿ. ಉಪ್ಪು ಹಾಕಲು ಮರೆತ ಕಣಕ ಎಷ್ಟು ನಾದಿದರೂ ಜೋಲುತ್ತದೆ, ಅಂಟುತ್ತದೆ. ಹಾಗೆ ಕಂಡರೆ ಹಿಟ್ಟನ್ನು ದೂರುವ ಮೊದಲು ಒಂದು ಚೂರು ನಾಲಿಗೆಗೆ ಇಟ್ಟು ನೋಡಿ.

ನಾದುವುದು

ವಿಶ್ರಾಂತಿಯ ನಂತರ ಯೀಸ್ಟನ್ನು ಕಣಕದ ಮೇಲೆ ಉದುರಿಸಿ, ಪಕ್ಕಕ್ಕಿಟ್ಟ 20 ಗ್ರಾಂ ನೀರಿನಲ್ಲಿ ಉಪ್ಪನ್ನು ಕಲಕಿ ಸುರಿದು, ಬೆರಳುಗಳಿಂದ ಹಿಸುಕಿ ಸೇರಿಸಿ. ಒಂದೆರಡು ನಿಮಿಷ ಕಣಕ ತುಂಡುತುಂಡಾಗಿ ಜಾರುತ್ತದೆ. ಗಾಬರಿ ಬೇಡ, ಮತ್ತೆ ಕೂಡಿಕೊಳ್ಳುತ್ತದೆ.

ಮೇಜಿನ ಮೇಲೆ ಹಾಕಿ ಅಂಗೈಯ ಬುಡದಿಂದ ಮುಂದಕ್ಕೆ ಒತ್ತಿ ಉದ್ದ ಮಾಡಿ, ಮಡಚಿ ಹಿಂದಕ್ಕೆ ತನ್ನಿ, ಕಾಲು ಸುತ್ತು ತಿರುಗಿಸಿ, ಮತ್ತೆ ಒತ್ತಿ. ಒತ್ತಿ ಉದ್ದ ಮಾಡುವಾಗ ಸುರುಳಿಯಾಗಿರುವ ಗ್ಲುಟೆನಿನ್ ಸರಪಳಿಗಳು ಬಿಚ್ಚಿಕೊಂಡು ಒಂದೇ ದಿಕ್ಕಿಗೆ ಸಾಲಾಗುತ್ತವೆ. ಸರಪಳಿಗಳ ನಡುವಿನ ಗಂಧಕದ ಕೊಂಡಿಗಳು, ಅಂದರೆ ಡೈಸಲ್ಫೈಡ್ ಬಂಧಗಳು, ಒಂದೆಡೆ ಕಳಚಿ ಇನ್ನೊಂದೆಡೆ ಕೂಡುತ್ತವೆ. ಮಡಚುವಾಗ ಪದರದ ಮೇಲೆ ಪದರ ಕೂತು, ತಿರುಗಿಸುವುದರಿಂದ ಎಳೆಗಳು ಅಡ್ಡಕ್ಕೂ ಉದ್ದಕ್ಕೂ ಹೆಣೆದು ಜಾಲವಾಗುತ್ತದೆ. ಜೊತೆಗೆ ಗಾಳಿಯ ಸಣ್ಣ ಸಣ್ಣ ಗುಳ್ಳೆಗಳೂ ಒಳಸೇರುತ್ತವೆ. ಯೀಸ್ಟ್ ಹೊಸ ಗುಳ್ಳೆ ಹುಟ್ಟಿಸುವುದಿಲ್ಲ, ನಾದುವಾಗ ಸೇರಿದ ಈ ಗುಳ್ಳೆಗಳನ್ನೇ ಊದಿಸುತ್ತದೆ. ಇದನ್ನು ಉತ್ತರದಲ್ಲಿ ಬರೆಯುವವರು ಬಹಳ ಕಡಿಮೆ.

ಮಿಕ್ಸರ್ ಬಳಸುವವರಿಗೆ ಪಠ್ಯದಲ್ಲಿ ಹಂತಗಳ ಹೆಸರುಗಳಿವೆ. ಎಲ್ಲವೂ ಒದ್ದೆಯಾಗಿ ಒರಟಾಗಿ ಕೂಡುವುದು ಪಿಕ್-ಅಪ್. ಬೌಲಿನ ಗೋಡೆ ಬಿಟ್ಟು ಕಣಕ ಕೊಕ್ಕೆಗೆ ಸುತ್ತಿಕೊಳ್ಳುವುದು ಕ್ಲೀನ್-ಅಪ್. ಬೆಣ್ಣೆ ಅಥವಾ ಬೇರೆ ಕೊಬ್ಬು ಹಾಕುವುದಿದ್ದರೆ ಇದೇ ಸಮಯ, ಏಕೆಂದರೆ ಮೊದಲೇ ಹಾಕಿದರೆ ಅದು ಪ್ರೋಟೀನಿಗೆ ಲೇಪವಾಗಿ ನೀರನ್ನು ತಡೆಯುತ್ತದೆ. ಆಮೇಲೆ ಜಾಲ ಬಲಿಯುವ ಡೆವಲಪ್‌ಮೆಂಟ್, ಅದು ಪೂರ್ತಿಯಾಗುವ ಫೈನಲ್ ಡೆವಲಪ್‌ಮೆಂಟ್. ಅಲ್ಲಿಗೆ ನಿಲ್ಲಿಸಬೇಕು. ಅದನ್ನು ದಾಟಿದರೆ ಜಾಲ ಸಡಿಲಗೊಳ್ಳುವ ಲೆಟ್-ಡೌನ್, ಕೊನೆಗೆ ಅದು ಹರಿದೇಹೋಗುವ ಬ್ರೇಕ್-ಡೌನ್.

ಕೈಗೆ ಅಂಟುತ್ತದೆಂದು ಒಣ ಹಿಟ್ಟು ಉದುರಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ನಾದುತ್ತಾ ಹೋದಂತೆ 40 ಗ್ರಾಂ ಹಿಟ್ಟು ಗೊತ್ತೇ ಆಗದಂತೆ ಒಳಹೋಗುತ್ತದೆ. ಆಗ ಹಿಟ್ಟು 540 ಗ್ರಾಂ, ನೀರು 330 ಗ್ರಾಂ, ಹೈಡ್ರೇಶನ್ ಶೇ. 66ರಿಂದ 61ಕ್ಕೆ ಇಳಿಯಿತು. ಉಪ್ಪೂ ಶೇ. 2ರಿಂದ 1.85ಕ್ಕೆ ಬಂತು. ಮೇಲಾಗಿ ಆ ಹೊಸ ಹಿಟ್ಟಿಗೆ ನೆನೆಯುವ ಸಮಯ ಸಿಕ್ಕಿಲ್ಲ. ಅಂಟುವ ಕಣಕವನ್ನು ಸ್ಕ್ರೇಪರಿನಿಂದ ಎತ್ತಿ ಎತ್ತಿ ಮಡಚಿ, ಐದು ನಿಮಿಷ ಮುಚ್ಚಿಟ್ಟು ಮತ್ತೆ ನಾದಿ. ಅಂಟು ತಾನಾಗಿ ತಗ್ಗುತ್ತದೆ.

ಆಟೋಲಿಸ್ ಮಾಡಿದ ಈ ಕಣಕಕ್ಕೆ ಕೈಯಲ್ಲಿ ಸುಮಾರು 8ರಿಂದ 10 ನಿಮಿಷ ಹಿಡಿಯುತ್ತದೆ. ಆದರೆ ಗಡಿಯಾರ ನೋಡಿ ನಿಲ್ಲಿಸಬೇಡಿ. ಹಿಟ್ಟು, ಬಿಸಿ, ಕೈಯ ಬಲ ಎಲ್ಲವೂ ಸಮಯವನ್ನು ಬದಲಿಸುತ್ತವೆ.

ಪೊರೆಯ ಪರೀಕ್ಷೆ

ನಿಲ್ಲಿಸುವುದು ಯಾವಾಗ ಎಂದು ತಿಳಿಯಲು ವಿಂಡೋಪೇನ್ ಪರೀಕ್ಷೆ ಇದೆ. ನಿಂಬೆಹಣ್ಣಿನ ಗಾತ್ರದ ತುಂಡು ಕಿತ್ತು, ಎರಡು ನಿಮಿಷ ಮುಚ್ಚಿಡಿ. ನಾದಿದ ಕೂಡಲೇ ಎಳೆದರೆ ಬಿಗಿಯಿಂದಲೇ ಹರಿದು ತಪ್ಪು ಉತ್ತರ ಕೊಡುತ್ತದೆ. ಆಮೇಲೆ ಎರಡೂ ಕೈಗಳ ಬೆರಳುಗಳ ಮೇಲೆ ಇಟ್ಟು ನಾಲ್ಕೂ ಕಡೆಗೆ ನಿಧಾನವಾಗಿ ಹಿಗ್ಗಿಸಿ ಬೆಳಕಿಗೆ ಹಿಡಿಯಿರಿ. ಆಚೆಯ ಬೆರಳ ನೆರಳು ಕಾಣುವಷ್ಟು ತೆಳು ಪೊರೆಯಾದರೆ ಆಯಿತು.

ಪೊರೆಗಿಂತ ಹೆಚ್ಚು ಹೇಳುವುದು ಅದು ಹರಿಯುವ ರೀತಿ. ಇನ್ನಷ್ಟು ಎಳೆದು ತೂತು ಬೀಳಿಸಿ, ಅಂಚು ನೋಡಿ. ಅಂಚು ಗರಗಸದಂತೆ ಒರಟಾಗಿದ್ದರೆ ಜಾಲ ಇನ್ನೂ ಸಮವಾಗಿಲ್ಲ, ಎರಡು ಮೂರು ನಿಮಿಷ ನಾದಬೇಕು. ತೂತು ದುಂಡಗೆ, ಅಂಚು ನುಣುಪಾಗಿದ್ದರೆ ಸರಿ.

ಈ ಪರೀಕ್ಷೆಗೂ ಮಿತಿಯಿದೆ. ತೌಡಿರುವ ಹಿಟ್ಟಿನಲ್ಲಿ ತೌಡಿನ ಚೂರುಗಳು ಪೊರೆಯನ್ನು ಸೀಳುವುದರಿಂದ ಜಾಲ ಬೆಳೆದಿದ್ದರೂ ಪೊರೆ ಬರುವುದಿಲ್ಲ. ಹಲವು ಗಂಟೆ ಹುದುಗುವ ಕಣಕಕ್ಕೆ ಮೊದಲೇ ಪೂರ್ತಿ ಪೊರೆ ಬೇಕಿಲ್ಲ. ಹುದುಗುವಾಗ ಗುಳ್ಳೆಗಳು ಉಬ್ಬುತ್ತಾ ಎಳೆಗಳನ್ನು ಹಿಗ್ಗಿಸುವುದರಿಂದ ಉಳಿದ ಕೆಲಸ ಅಲ್ಲೇ ಮುಗಿಯುತ್ತದೆ.

ನಾದಿ ಮುಗಿದ ಕೂಡಲೇ ಕಣಕದೊಳಗೆ ಥರ್ಮಾಮೀಟರ್ ಚುಚ್ಚಿ. ನಮಗೆ 26ರ ಬದಲು 27 ಬಂತು ಎನ್ನೋಣ. ಹಾಗಿದ್ದರೆ ಘರ್ಷಣೆಯ ನಮ್ಮ ಊಹೆ ತಪ್ಪಿತ್ತು. ನಿಜವಾದದ್ದು 27 × 3ರಿಂದ 29, 30 ಮತ್ತು 16ರ ಮೊತ್ತ ಕಳೆದರೆ ಸಿಗುತ್ತದೆ: 81 − 75 = 6. ಮುಂದಿನ ಸಲ ಇದೇ ಸ್ಥಿತಿಯಲ್ಲಿ ನೀರು 13 ಡಿಗ್ರಿ ಇರಬೇಕು. ಮಿಕ್ಸರಿನಲ್ಲಿ ಈ ಅಂಕಿ ಇನ್ನೂ ಹೆಚ್ಚಿರುತ್ತದೆ, ಒಂದೊಂದು ಮಿಕ್ಸರಿಗೆ ಒಂದೊಂದು.

ಅಂಟುವ ಕಣಕ ಮೂರು ಬಗೆ

ಹೆಚ್ಚು ಗೊಂದಲವಾಗುವುದು ಇಲ್ಲಿಯೇ. ಕಡಿಮೆ ನಾದಿದ್ದು, ನೀರು ಹೆಚ್ಚಾದದ್ದು, ಅತಿಯಾಗಿ ನಾದಿದ್ದು ಮೂರೂ ಕೈಗೆ ಅಂಟುತ್ತವೆ. ಮೂರಕ್ಕೂ ಮದ್ದು ಬೇರೆ. ಒಂದಕ್ಕೆ ಇನ್ನೊಂದರ ಮದ್ದು ಮಾಡಿದರೆ ಕಣಕ ಕೆಡುತ್ತದೆ.

ನಾನು ಒಮ್ಮೆ ಮಿಕ್ಸರನ್ನು ಎರಡನೇ ವೇಗದಲ್ಲಿ ಬಿಟ್ಟು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಾ ನಿಂತೆ. ತಿರುಗಿ ನೋಡುವಾಗ ಕಣಕ ಒದ್ದೆ ಹೊಳಪಿನಿಂದ ಮಿನುಗುತ್ತಿತ್ತು, ಬೌಲಿಗೆ ಮತ್ತೆ ಮೆತ್ತಿಕೊಂಡಿತ್ತು. ಎತ್ತಿದರೆ ಬೆರಳಿನಿಂದ ಅಂಟಿನಂತೆ ನೂಲುನೂಲಾಗಿ ಇಳಿಯಿತು. ನೀರು ಹೆಚ್ಚಾಗಿದೆ ಎಂದು ವಿದ್ಯಾರ್ಥಿಯೊಬ್ಬ ಹಿಟ್ಟು ತಂದ. ಹಿಟ್ಟು ಹಾಕದೆ ಅದನ್ನು ಹತ್ತು ನಿಮಿಷ ಮುಚ್ಚಿಟ್ಟು, ಬಹುತೇಕ ಹಾಗೆಯೇ ಉಳಿದದ್ದನ್ನು ತೋರಿಸಿದೆ. ಅಂದಿನಿಂದ ಈ ಹತ್ತು ನಿಮಿಷದ ಪರೀಕ್ಷೆಯನ್ನೇ ಕಲಿಸುತ್ತಿದ್ದೇನೆ.

ಕಡಿಮೆ ನಾದಿದ ಕಣಕದ ಮೇಲ್ಮೈ ಮಂಕಾಗಿ ಒರಟಾಗಿರುತ್ತದೆ, ಎಳೆದರೆ ಚಿಕ್ಕದಾಗಿ ತುಂಡಾಗುತ್ತದೆ. ಹತ್ತು ನಿಮಿಷ ಬಿಟ್ಟರೆ ಗಣನೀಯವಾಗಿ ಸುಧಾರಿಸುತ್ತದೆ. ನೀರು ಹೆಚ್ಚಾದ ಕಣಕ ಬಿಟ್ಟಾಗ ಅಗಲವಾಗಿ ಹರಡುತ್ತದೆ, ಆದರೆ ನಾಲ್ಕು ಕಡೆಯಿಂದ ಎಳೆದು ಮಡಚಿದರೆ ಎದ್ದು ಕೂರುತ್ತದೆ. ಅದಕ್ಕೆ ಇನ್ನೊಂದಿಷ್ಟು ಮಡಚುವಿಕೆ ಸಾಕು. ಅತಿಯಾಗಿ ನಾದಿದ್ದು ಮಾತ್ರ ವಿಶ್ರಾಂತಿಯಿಂದಲೂ ಮಡಚುವುದರಿಂದಲೂ ಬಹುತೇಕ ಬದಲಾಗುವುದಿಲ್ಲ. ಗ್ಲುಟೆನಿನ್ ಸರಪಳಿಗಳೇ ತುಂಡಾಗಿ, ಹಿಡಿದಿಟ್ಟ ನೀರನ್ನು ಬಿಟ್ಟುಕೊಡುವುದರಿಂದಲೇ ಆ ಒದ್ದೆ ಹೊಳಪು. ಲೆಟ್-ಡೌನ್ ಆರಂಭದಲ್ಲೇ ಹಿಡಿದರೆ ಅಚ್ಚಿನಲ್ಲಿ ಸುಟ್ಟು ಉಳಿಸಿಕೊಳ್ಳಬಹುದು. ಬ್ರೇಕ್-ಡೌನ್ ಆದ ಮೇಲೆ ದಾರಿಯಿಲ್ಲ. ಕೈಯಲ್ಲಿ ನಾದುವವರು ಅಲ್ಲಿಯವರೆಗೆ ತಲುಪುವುದು ತೀರಾ ಅಪರೂಪ, ಇದು ಮಿಕ್ಸರಿನ ತೊಂದರೆ.

ನಾಲ್ಕನೆಯದೊಂದಿದೆ, ಅದು ಅಂಟುವುದಿಲ್ಲ: ಲಟ್ಟಿಸಿದಷ್ಟೂ ಹಿಂದಕ್ಕೆ ಕುಗ್ಗುವ ಕಣಕ. ಅದಕ್ಕೆ ನಾದುವುದು ಬೇಡವೇ ಬೇಡ. 15 ನಿಮಿಷ ಮುಚ್ಚಿಟ್ಟರೆ ಬಿಗಿ ಸಡಿಲುತ್ತದೆ.

ಲೆಕ್ಕದ ಪ್ರಶ್ನೆಯಲ್ಲಿ ಎಡವುವ ಜಾಗ

500 ಗ್ರಾಂ ಹಿಟ್ಟು, 180 ಗ್ರಾಂ ನೀರು, 120 ಗ್ರಾಂ ಹಾಲು, 40 ಗ್ರಾಂ ಮೊಟ್ಟೆ ಕೊಟ್ಟು ಕಣಕದ ಒಟ್ಟು ಹೈಡ್ರೇಶನ್ ಕೇಳಿದರೆ ಕೆಲವರು ಬರೀ ನೀರನ್ನು ಹಿಡಿದು ಶೇ. 36 ಎನ್ನುತ್ತಾರೆ, ಇನ್ನು ಕೆಲವರು ದ್ರವವೆಲ್ಲ ಕೂಡಿಸಿ ಶೇ. 68 ಎನ್ನುತ್ತಾರೆ. ಗ್ಲುಟೆನ್‌ಗೆ ಬೇಕಿರುವುದು ನೀರು, ದ್ರವವಲ್ಲ. ಹಾಲಿನಲ್ಲಿ ಸುಮಾರು ಶೇ. 87.5 ನೀರು, ಅಂದರೆ 105 ಗ್ರಾಂ. ಮೊಟ್ಟೆಯಲ್ಲಿ ಸುಮಾರು ಶೇ. 75, ಅಂದರೆ 30 ಗ್ರಾಂ. ಒಟ್ಟು 180 + 105 + 30 = 315 ಗ್ರಾಂ, ಹೈಡ್ರೇಶನ್ ಶೇ. 63. ಇದೇ ಕಣಕಕ್ಕೆ 75 ಗ್ರಾಂ ಸಕ್ಕರೆಯೂ ಇದ್ದರೆ ಸಂಖ್ಯೆ ಶೇ. 63 ಆಗಿಯೇ ಉಳಿಯುತ್ತದೆ. ಆದರೆ ಸಕ್ಕರೆ ತನ್ನ ಪಾಲಿನ ನೀರನ್ನು ಎಳೆದುಕೊಳ್ಳುವುದರಿಂದ ಗ್ಲುಟೆನ್ ಬೆಳೆಯಲು ಹೆಚ್ಚು ಹೊತ್ತು ಹಿಡಿಯುತ್ತದೆ ಎಂಬ ಒಂದು ವಾಕ್ಯವನ್ನು ಲೆಕ್ಕದ ಕೆಳಗೆ ಬರೆಯಿರಿ.